2 ಓಮ್‌ನ ಎರಡು ಪ್ರತಿರೋಧಕಗಳು: ಒಂದು ಪ್ರಶ್ನೆ ಬ್ಯಾಂಕ್ ಆ್ಯಪ್‌ನ ವಿಮರ್ಶೆ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಪ್ರತಿ ಪಾಠ ಮುಗಿದ ಮೇಲೆ ಕೊಡುವ ಕಿರುಪರೀಕ್ಷೆಗೆಂದು ಈ ಆ್ಯಪ್‌ಗೆ ಚಂದಾ ಕಟ್ಟಿದೆ. ಅದರಲ್ಲಿ ಏನೇನಿದೆ ಎಂಬುದು ಜಾಹೀರಾತಿನಲ್ಲೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಅದು ಕೊಡುವ ತಪ್ಪು ಆಯ್ಕೆಗಳ ಬಗ್ಗೆ ಮಾತ್ರ ನನ್ನ ತಕರಾರು.

ವಿದ್ಯುತ್ ಪಾಠದ ಒಂದು ಪ್ರಶ್ನೆಯನ್ನು ನೋಡಿ: ತಲಾ 2 ಓಮ್‌ನ ಎರಡು ಪ್ರತಿರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ಪ್ರತಿರೋಧ ಎಷ್ಟು? ಕೊಟ್ಟ ಆಯ್ಕೆಗಳು 1, 4, 50 ಮತ್ತು 200 ಓಮ್. ಕೊನೆಯ ಎರಡನ್ನು ಪಾಠ ಓದದ ಮಕ್ಕಳೂ ಗುರುತು ಹಾಕುವುದಿಲ್ಲ, ಏಕೆಂದರೆ ಯಾವ ತಪ್ಪು ಲೆಕ್ಕವೂ ಆ ಸಂಖ್ಯೆಗಳಿಗೆ ತಲುಪುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಸರಿ ಉತ್ತರದಲ್ಲೇ ಅಡಗಿದೆ. ವಿಲೋಮಗಳನ್ನು ಕೂಡಿಸಿ 1/2 + 1/2 = 1 ಎಂದು ಬರೆದು, ಬಂದದ್ದನ್ನು ತಿರುವಿ ಹಾಕಲು ಮರೆತ ವಿದ್ಯಾರ್ಥಿಗೂ ಇಲ್ಲಿ 1 ಓಮ್ ಎಂಬ ಉತ್ತರವೇ ಸಿಗುತ್ತದೆ, ಆ್ಯಪ್ ಅದಕ್ಕೆ ಪೂರ್ಣ ಅಂಕ ಕೊಡುತ್ತದೆ. ದುಡ್ಡು ಕೊಟ್ಟು ಇಂತಹ ಪ್ರಶ್ನೆಗಳನ್ನು ತರಿಸಿಕೊಂಡೆನಲ್ಲ ಎಂದು ಸಿಟ್ಟು ಬಂದದ್ದು ನಿಜ.

ಈಗ ಬ್ಯಾಂಕಿನ ಪ್ರಶ್ನೆಯನ್ನು ತಿದ್ದಿಯೇ ಬಳಸುತ್ತೇನೆ. ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನು ಎದುರಿಗಿಟ್ಟುಕೊಂಡು, ಪ್ರತಿ ಸಾಲಿನಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಹಳೆಯ ಉತ್ತರ ಪತ್ರಿಕೆಗಳಲ್ಲಿ ಹುಡುಕಿ, ಆ ತಪ್ಪನ್ನು ನಾನೇ ಮಾಡಿ ಬಂದ ಸಂಖ್ಯೆಯನ್ನು ಆಯ್ಕೆಯಾಗಿ ಬರೆಯುತ್ತೇನೆ. ಈ ಪ್ರಶ್ನೆಗೆ 6 ಮತ್ತು 3 ಓಮ್ ತೆಗೆದುಕೊಂಡೆ. ಸರಿ ಉತ್ತರ 2 ಓಮ್. ಶ್ರೇಣಿ ಜೋಡಣೆಯೆಂದು ನೇರವಾಗಿ ಕೂಡಿಸಿದರೆ 9, ಸರಾಸರಿ ತೆಗೆದರೆ 4.5, ವಿಲೋಮಗಳನ್ನು ಕೂಡಿಸಿ ಅಲ್ಲಿಗೇ ನಿಲ್ಲಿಸಿದರೆ 0.5. ಸಮಾಂತರ ಜೋಡಣೆಯಲ್ಲಿ ಒಟ್ಟು ಪ್ರತಿರೋಧವು ಅತಿ ಚಿಕ್ಕದಕ್ಕಿಂತಲೂ ಕಡಿಮೆ ಎಂಬುದಷ್ಟನ್ನೇ ಬಾಯಿಪಾಠ ಮಾಡಿದವರು 9 ಮತ್ತು 4.5ನ್ನು ಲೆಕ್ಕ ಮಾಡದೆಯೇ ಹೊಡೆದುಹಾಕುತ್ತಾರೆ. ಅವರನ್ನು ಲೆಕ್ಕಕ್ಕೆ ಕೂರಿಸುವುದು 0.5 ಒಂದೇ.

ಆ್ಯಪ್ ನನಗೆ ಇಷ್ಟವಾಗತೊಡಗಿದ್ದು ಇಲ್ಲಿಂದ. ಸಂಜೆ ನಾಲ್ಕರ ಗಂಟೆಯಾದ ಮೇಲೆ ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿನಲ್ಲಿ ಉತ್ತರದ ಚೀಟಿಗಳನ್ನು ಹರಡಿ, ಮಡಿಕೆ ಬಿದ್ದದ್ದನ್ನು ಅಂಗೈಯಿಂದ ಸರಿಮಾಡಿ, ಒಂದೊಂದನ್ನೇ ಮೊಬೈಲ್ ಕ್ಯಾಮರಾಕ್ಕೆ ಹಿಡಿಯುತ್ತೇನೆ. ಕೊನೆಯ ಚೀಟಿಯಾದ ಕೂಡಲೇ ಪ್ರತಿ ಆಯ್ಕೆಯನ್ನು ಎಷ್ಟು ಮಂದಿ ಆರಿಸಿದರು ಎಂಬ ಕೋಷ್ಟಕ ಮೂಡುತ್ತದೆ. ಒಟ್ಟು ಅಂಕಗಳಿಗಿಂತ ಮೊದಲು ನಾನು ನೋಡುವುದು ಅದನ್ನೇ. ನೂರರಲ್ಲಿ ಐದು ಮಂದಿಯೂ ಆರಿಸದ ತಪ್ಪು ಆಯ್ಕೆ ಕೆಲಸ ಮಾಡುತ್ತಿಲ್ಲ ಎಂಬುದು ಪ್ರಶ್ನೆ ರಚಿಸುವವರಲ್ಲಿ ರೂಢಿಯಲ್ಲಿರುವ ಅಳತೆ. ಆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಐದು ಶೇಕಡಾ ಎಂದರೆ ಒಂದಿಬ್ಬರು, ಆದ್ದರಿಂದ ಒಂದೇ ಪರೀಕ್ಷೆ ನೋಡಿ ಆಯ್ಕೆಯನ್ನು ಕಿತ್ತುಹಾಕುವುದಿಲ್ಲ. ನಮ್ಮಲ್ಲಿ ತಪ್ಪು ಗುರುತುಗಳು ಹೆಚ್ಚಾಗಿ ಬಿದ್ದದ್ದು 0.5ರ ಮೇಲೆಯೇ. "ಟೀಚರ್, ಕೂಡಿಸಿ ಆಯಿತಲ್ಲ, ಇನ್ನೇನು ಉಂಟು?" ಎಂದು ಒಬ್ಬಳು ಕೇಳಿದಾಗ, ಮರುದಿನ ತಿರುವಿ ಹಾಕುವ ಹಂತವೊಂದನ್ನೇ ಮತ್ತೆ ಕಲಿಸಿದರೆ ಸಾಕೆಂದು ತಿಳಿಯಿತು.

ಕೋಷ್ಟಕಕ್ಕೂ ಮಿತಿ ಇದೆ. 4.5 ಆರಿಸಿದವರು ಸರಾಸರಿಯನ್ನೇ ತೆಗೆದಿರಬೇಕೆಂದಿಲ್ಲ. 1/6 + 1/3 ಎಂಬಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/9 ಪಡೆದು ಅದನ್ನು ತಿರುವಿದವರಿಗೂ 4.5 ಬರುತ್ತದೆ. ಮೊದಲನೆಯವರಿಗೆ ಭೌತಶಾಸ್ತ್ರ ಅರ್ಥವಾಗಿಲ್ಲ, ಎರಡನೆಯವರಿಗೆ ಭಿನ್ನರಾಶಿ ಬರುವುದಿಲ್ಲ. ಸಂಖ್ಯೆ ಬದಲಿಸಿ ಇವರನ್ನು ಬೇರ್ಪಡಿಸಲು ಸಾಧ್ಯವಿಲ್ಲ, ಏಕೆಂದರೆ ಯಾವ ಎರಡು ಪ್ರತಿರೋಧಗಳನ್ನು ಕೊಟ್ಟರೂ ಈ ಎರಡು ದಾರಿಗಳು ಒಂದೇ ಕಡೆ ಸೇರುತ್ತವೆ. ಹಾಗಾಗಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬಿಡಿಸಲು ಹೇಳುತ್ತೇನೆ, ಅದನ್ನು ಕ್ಯಾಮರಾ ಓದುವುದಿಲ್ಲ, ನಾನೇ ಓದಬೇಕು.

ಇನ್ನೊಂದು ಕಿರಿಕಿರಿ, ಆ್ಯಪ್ ನಾಲ್ಕು ಆಯ್ಕೆಗಳಿಲ್ಲದೆ ಪ್ರಶ್ನೆಯನ್ನು ಉಳಿಸಲು ಬಿಡುವುದಿಲ್ಲ. ನಂಬುವಂಥ ತಪ್ಪುಗಳು ಎರಡೇ ಇರುವಲ್ಲಿ ಮೂರೇ ಆಯ್ಕೆಗಳಿದ್ದರೆ ಏನೂ ನಷ್ಟವಿಲ್ಲ. ನಾಲ್ಕನೆಯದನ್ನು ಬಲವಂತವಾಗಿ ತುಂಬಿಸುವುದರಿಂದಲೇ 200 ಓಮ್‌ನಂತಹವು ಹುಟ್ಟುತ್ತವೆ.

ಈ ವರ್ಷ ಪ್ರಶ್ನೆ ಬ್ಯಾಂಕ್ ಇರುವ ದುಬಾರಿ ಚಂದಾ ಬಿಟ್ಟು, ಸ್ಕ್ಯಾನ್ ಮತ್ತು ಕೋಷ್ಟಕ ಮಾತ್ರ ಇರುವ ಅಗ್ಗದ ಚಂದಾ ಕಟ್ಟಿದ್ದೇನೆ. ಪ್ರಶ್ನೆಗಳನ್ನು ತಿದ್ದಲು ಸಮಯವಿಲ್ಲದವರು ಎರಡನ್ನೂ ಕೊಳ್ಳದಿರುವುದೇ ಒಳ್ಳೆಯದು, 2 ಓಮ್‌ನ ಆ ಪ್ರಶ್ನೆ ಬ್ಯಾಂಕಿನಲ್ಲಿ ಇನ್ನೂ ಹಾಗೆಯೇ ಇದೆ.