ಡಿಪ್ಲೊಮಾನೋ ಪಿಯುಸಿ ವಿಜ್ಞಾನವೋ: ಎರಡನ್ನೂ ಓದಿದವನ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಅಕ್ಕ ಫೋನ್ ಮಾಡಿ, ಮಗನ ಕೈಗೆ ಕೊಟ್ಟಳು. ಶೇಕಡಾ 81 ಬಂದಿತ್ತು, ಗಣಿತದಲ್ಲಿ 74. ‘ಎಂಜಿನಿಯರಿಂಗ್ ಮಾಡಬೇಕು ಅನ್ನಿಸುತ್ತದೆಯೇನೋ?’ ಎಂದು ಕೇಳಿದೆ. ‘ಗೊತ್ತಿಲ್ಲ ಮಾವ’ ಎಂದ. ಹಿಂದಿನಿಂದ ಭಾವನವರ ದನಿ ಕೇಳಿಸಿತು: ‘ಗೊತ್ತಿಲ್ಲ ಅಂದರೆ ಪಿಯುಸಿ ಸೈನ್ಸಿಗೆ ಹಾಕೋಣ, ಎರಡು ವರ್ಷದಲ್ಲಿ ಗೊತ್ತಾಗುತ್ತದೆ.’

ಆ ಮಾತು ನನಗೆ ಚುಚ್ಚಿತು. ಏಕೆಂದರೆ 2010ರಲ್ಲಿ ನಮ್ಮ ಮನೆಯಲ್ಲೂ ಇದನ್ನೇ ಹೇಳಿದ್ದರು. ಎರಡು ವರ್ಷ ಪಿಸಿಎಂಬಿ ಓದಿದೆ, ಸಿಇಟಿಯಲ್ಲಿ ಎಲ್ಲಿಗೂ ಸಾಲದ ರ್‍ಯಾಂಕ್ ಬಂತು, 2012ರಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾದ ಮೂರನೇ ಸೆಮಿಸ್ಟರಿಗೆ ನೇರವಾಗಿ ಸೇರಿದೆ. 2014ರಲ್ಲಿ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಹೋದೆ. ಜೊತೆಗೆ ಪಿಯುಸಿ ಓದಿ ನೇರವಾಗಿ ಎಂಜಿನಿಯರಿಂಗ್ ಸೇರಿದವರು 2016ರಲ್ಲಿ ಹೊರಬಂದರು, ನಾನು 2017ರಲ್ಲಿ. ಆ ಒಂದು ವರ್ಷ ಎಲ್ಲಿ ಹೋಯಿತು, ಅದಕ್ಕೆ ಏನು ಸಿಕ್ಕಿತು ಎನ್ನುವುದೇ ಈ ಹೋಲಿಕೆ.

ಮೊದಲು ಭಾವನವರ ಮಾತನ್ನೇ ತೆಗೆದುಕೊಳ್ಳುತ್ತೇನೆ. ಪಿಯುಸಿಯಲ್ಲಿ ಎಂಜಿನಿಯರಿಂಗ್ ಹಿಡಿಸುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಗೊತ್ತಾಗಲು ಅಲ್ಲಿ ಎಂಜಿನಿಯರಿಂಗ್ ಇರುವುದೇ ಇಲ್ಲ. ಭೌತಶಾಸ್ತ್ರದಲ್ಲಿ ಗೌಸ್ ನಿಯಮದಿಂದ ಹಿಡಿದು ಪರ್ಯಾಯ ವಿದ್ಯುತ್ತಿನವರೆಗೆ ಎಲ್ಲವನ್ನೂ ಓದಿದೆ. ಆದರೆ ಒಂದು ಮೋಟರಿನ ಮುಚ್ಚಳ ಬಿಚ್ಚಿದ್ದನ್ನು ಎರಡು ವರ್ಷದಲ್ಲಿ ನೋಡಲಿಲ್ಲ. ಎರಡನೇ ವರ್ಷದ ಹೊತ್ತಿಗಂತೂ ಓದು ಸಿಇಟಿಯ ಕಡೆಗೆ ವಾಲುತ್ತದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಆ ವೇಗವನ್ನು ಕಲಿಯುತ್ತೇವೆ, ಅದು ಬೇರೆಯದೇ ವಿದ್ಯೆ. 2010ರ ಜೂನ್‌ನಲ್ಲಿ ಇದ್ದ ಅನುಮಾನ 2012ರ ಮೇ ತಿಂಗಳಲ್ಲೂ ಹಾಗೆಯೇ ಇತ್ತು. ಆಮೇಲೆ ತೀರ್ಮಾನ ಮಾಡಿದ್ದು ನಾನಲ್ಲ, ರ್‍ಯಾಂಕ್.

ಹಾಗೆಂದು ಆ ಎರಡು ವರ್ಷ ವ್ಯರ್ಥ ಎನ್ನುವುದಿಲ್ಲ. ಪಿಯುಸಿ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನು ಮುಂದೂಡುತ್ತದೆ. ಮುಂದೂಡಿದಷ್ಟು ಕಾಲ ಬಾಗಿಲುಗಳು ತೆರೆದಿರುತ್ತವೆ. ಪಿಸಿಎಂಬಿ ಓದಿದವನು ವೈದ್ಯಕೀಯಕ್ಕೆ ನೀಟ್ ಬರೆಯಬಹುದು, ಕೃಷಿ ಬಿ.ಎಸ್ಸಿ. ಅಥವಾ ಪಶುವೈದ್ಯಕೀಯದ ಕಡೆ ನೋಡಬಹುದು, ಸಾದಾ ಬಿ.ಎಸ್ಸಿ. ಸೇರಬಹುದು. ಡಿಪ್ಲೊಮಾದಲ್ಲಿ ಜೀವಶಾಸ್ತ್ರವೇ ಇಲ್ಲದಿರುವುದರಿಂದ ಈ ಸಾಲೆಲ್ಲ ಹದಿನೈದನೇ ವಯಸ್ಸಿನಲ್ಲೇ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ ಸಿವಿಲ್ಲೋ ಮೆಕ್ಯಾನಿಕಲ್ಲೋ ಎನ್ನುವುದನ್ನೂ ಆಗಲೇ ಆರಿಸಬೇಕು.

ಇನ್ನು ಡಿಪ್ಲೊಮಾ. ಸೇರಿದ ಮೂರನೇ ವಾರದಲ್ಲೋ ಏನೋ, ಮೂರು ಫೇಸ್ ಮೋಟರಿಗೆ ಸ್ಟಾರ್ಟರ್ ಸಂಪರ್ಕ ಕೊಡುವ ಪ್ರಯೋಗವಿತ್ತು. ಒಂದು ಕಾಂಟ್ಯಾಕ್ಟರ್, ಒಂದು ಓವರ್‌ಲೋಡ್ ರಿಲೇ, ಹಸಿರು ಕೆಂಪು ಗುಂಡಿಗಳು. ಚಿತ್ರ ನೋಡಿಕೊಂಡು ತಂತಿ ಜೋಡಿಸಿ ಹಸಿರು ಗುಂಡಿ ಒತ್ತಿದೆ, ಮೋಟರ್ ತಿರುಗಿತು. ಬೆರಳು ತೆಗೆದೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಹಾಗೆಯೇ. ಪಕ್ಕದ ಮೇಜಿನ ಹುಡುಗ, ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಬಂದವನು, ನನಗಿಂತ ಒಂದು ವರ್ಷ ಚಿಕ್ಕವನು, ಬಗ್ಗಿ ನೋಡಿ ‘ಹೋಲ್ಡಿಂಗ್ ಕೊಟ್ಟಿಲ್ಲ’ ಎಂದ. ಕಾಂಟ್ಯಾಕ್ಟರಿನ ಪಕ್ಕದಲ್ಲಿ ಒಂದು ಚಿಕ್ಕ ಸಹಾಯಕ ಸಂಪರ್ಕ ಇರುತ್ತದೆ. ಅದನ್ನು ಹಸಿರು ಗುಂಡಿಗೆ ಸಮಾಂತರವಾಗಿ ಜೋಡಿಸಿದರೆ, ಕಾಂಟ್ಯಾಕ್ಟರ್ ಒಮ್ಮೆ ಎಳೆದುಕೊಂಡ ಮೇಲೆ ತನ್ನ ಸುರುಳಿಗೆ ತಾನೇ ವಿದ್ಯುತ್ ಒದಗಿಸಿಕೊಳ್ಳುತ್ತದೆ, ಬೆರಳು ಬೇಕಾಗುವುದಿಲ್ಲ. ಕೆಂಪು ಗುಂಡಿ ಆ ದಾರಿಯನ್ನು ಕಡಿಯುತ್ತದೆ. ಕರೆಂಟ್ ಹೋಗಿ ಬಂದರೆ ಮೋಟರ್ ತಾನಾಗಿ ತಿರುಗದಿರುವುದಕ್ಕೂ ಇದೇ ಕಾರಣ.

ಎರಡು ತಂತಿ ಸೇರಿಸಿ ಬೆರಳು ತೆಗೆದಾಗ ಮೋಟರ್ ತಿರುಗುತ್ತಲೇ ಇತ್ತು. ಎರಡು ವರ್ಷದ ಪಿಯುಸಿ ಹೇಳದ ಉತ್ತರವನ್ನು ಆ ಮಧ್ಯಾಹ್ನ ಹೇಳಿತು ಎಂದರೆ ಉತ್ಪ್ರೇಕ್ಷೆಯಾಗುವುದಿಲ್ಲ. ಅದೇ ತರಗತಿಯಲ್ಲಿ ಇದೇ ಪ್ರಯೋಗದಿಂದ ಬೇಸತ್ತವರೂ ಇದ್ದರು. ಅವರಿಗೂ ಉತ್ತರ ಸಿಕ್ಕಿತ್ತು, ‘ಬೇಡ’ ಎಂದು. ತೊಂದರೆ ಏನೆಂದರೆ, ಆ ‘ಬೇಡ’ವನ್ನು ಹಿಡಿದುಕೊಂಡು ಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ.

ಡಿಪ್ಲೊಮಾದ ಬಡತನ ಗೊತ್ತಾಗಿದ್ದು ಬಿ.ಇ.ಗೆ ಹೋದ ಮೇಲೆ. ಡಿಪ್ಲೊಮಾದಲ್ಲಿ ಗಣಿತ ತೆಳು. ನಮ್ಮ ಕಾಲದ ವಿಟಿಯು ಪಠ್ಯದಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಒಂದೊಂದು ಹೆಚ್ಚುವರಿ ಗಣಿತದ ಪತ್ರಿಕೆ ಇರುತ್ತಿತ್ತು. ಲ್ಯಾಪ್ಲಾಸ್ ರೂಪಾಂತರ ಬರುತ್ತಿದ್ದುದು ನಾಲ್ಕನೆಯದರಲ್ಲಿ. ಆದರೆ ಮೂರನೇ ಸೆಮಿಸ್ಟರಿನ ನೆಟ್‌ವರ್ಕ್ ಅನಾಲಿಸಿಸ್ ಪಾಠದಲ್ಲೇ ಅದು ಬೇಕಾಗುತ್ತಿತ್ತು. ಮೇಷ್ಟ್ರು ಹಲಗೆಯ ಮೇಲೆ 1/((s+1)(s+2)) ಬರೆದು, ಮರುಗಳಿಗೆಯಲ್ಲೇ ಅದನ್ನು 1/(s+1) − 1/(s+2) ಎಂದು ಒಡೆದು ಮುಂದಕ್ಕೆ ಹೋದರು. ನನಗೆ ಆ ಒಡೆಯುವಿಕೆ ಪಿಯುಸಿಯ ಅನುಕಲನದಿಂದ ಬಾಯಿಪಾಠವಾಗಿತ್ತು. ಸ್ಟಾರ್ಟರಿನ ತಪ್ಪು ಹಿಡಿದ ಅದೇ ಹುಡುಗ ನನ್ನ ಪಕ್ಕದಲ್ಲಿ ಕೂತು, ‘ಆ ಕಳೆಯುವ ಗುರುತು ಎಲ್ಲಿಂದ ಬಂತು?’ ಎಂದು ಕೇಳಿದ. ಸಂಜೆ ಕೂತು ಕಲಿತ, ಕಲಿಯದೆ ಇರುವಷ್ಟು ದಡ್ಡನಲ್ಲ. ಆದರೆ ಆ ಸೆಮಿಸ್ಟರಿನಲ್ಲಿ ಡಿಪ್ಲೊಮಾದಿಂದ ಬಂದವರ ಬಾಕಿ ವಿಷಯಗಳಲ್ಲಿ ಗಣಿತ ಮತ್ತು ನೆಟ್‌ವರ್ಕ್‌ಗಳೇ ಮುಂದಿದ್ದವು. ಪ್ರಯೋಗಾಲಯದಲ್ಲಿ ಮಾತ್ರ ಆಟ ತಿರುಗುಮುರುಗು: ವೋಲ್ಟ್‌ಮೀಟರನ್ನು ಸರಣಿಯಲ್ಲಿ ಜೋಡಿಸಿ ಕಾಯುತ್ತಿದ್ದವರು ಪಿಯುಸಿಯಿಂದ ಬಂದವರು.

ಇಷ್ಟು ಅನುಭವ. ಈಗ ಅಕ್ಕನ ಮಗನಿಗಾಗಿ ಹಾಕಿದ ಲೆಕ್ಕ.

ಎಂಜಿನಿಯರಿಂಗ್ ಪದವಿಯೇ ಗುರಿಯಾದರೆ ಎರಡೂ ದಾರಿ ಒಂದೇ ಉದ್ದ. ಪಿಯುಸಿ ಎರಡು, ಬಿ.ಇ. ನಾಲ್ಕು. ಇಲ್ಲವೇ ಡಿಪ್ಲೊಮಾ ಮೂರು, ಎರಡನೇ ವರ್ಷದಿಂದ ಸೇರುವ ಬಿ.ಇ. ಮೂರು. ಎರಡೂ ಆರು ವರ್ಷ. ಆದ್ದರಿಂದ ಖಚಿತವಾಗಿರುವವನಿಗೆ ವರ್ಷದ ಚಿಂತೆ ಇಲ್ಲ. ಅನುಮಾನ ಇರುವವನು ಕೇಳಬೇಕಾದ್ದು ಬೇರೆ: ಮನಸ್ಸು ಬದಲಾದರೆ ಎಷ್ಟು ವರ್ಷ ಕಳೆಯುತ್ತದೆ?

ಪಿಯುಸಿ ವಿಜ್ಞಾನ ಪಾಸಾಗಿ ಆಮೇಲೆ ಡಿಪ್ಲೊಮಾ ಬೇಕೆನಿಸಿದರೆ ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶವಿದೆ. ನಾನು ಮಾಡಿದ್ದು ಅದನ್ನೇ. ಎರಡಕ್ಕೆ ಎರಡು ಸೇರಿ ನಾಲ್ಕು ವರ್ಷ, ಮೂರರಲ್ಲಿ ಮುಗಿಯಬೇಕಾದದ್ದು. ನಷ್ಟ ಒಂದು ವರ್ಷ, ಅಷ್ಟೇ. ಇದಕ್ಕೆ ತದ್ವಿರುದ್ಧವಾಗಿ, ಡಿಪ್ಲೊಮಾ ಸೇರಿದವನಿಗೆ ಜೀವಶಾಸ್ತ್ರದ ಕಡೆ ಹೋಗಬೇಕೆನಿಸಿದರೆ ಪಿಯುಸಿ ಮೊದಲಿನಿಂದ ಶುರು. ಮೊದಲ ವರ್ಷದ ಕೊನೆಯಲ್ಲಿ ಬಿಟ್ಟರೆ ಒಂದು ವರ್ಷ ಹೋಯಿತು, ಎರಡನೆಯದರಲ್ಲಿ ಬಿಟ್ಟರೆ ಎರಡು. ಹಾಗಾಗಿ ಅನುಮಾನ ಇಟ್ಟುಕೊಂಡೇ ಡಿಪ್ಲೊಮಾ ಸೇರುವವನಿಗೆ ಎರಡನೇ ಸೆಮಿಸ್ಟರಿನ ಪರೀಕ್ಷೆಯೇ ಗಡುವು. ಅಷ್ಟರೊಳಗೆ ಡ್ರಾಯಿಂಗ್, ವರ್ಕ್‌ಶಾಪ್, ಪ್ರಯೋಗಾಲಯಗಳ ರುಚಿ ಸಿಕ್ಕಿರುತ್ತದೆ. ಇನ್ನೂ ಕಾಯುತ್ತೇನೆ ಎಂದರೆ ನಷ್ಟ ಬೆಳೆಯುತ್ತದೆ.

ಆದರೆ ಪಿಯುಸಿಯ ಆ ಒಂದು ವರ್ಷದ ನಷ್ಟ ಎನ್ನುವುದು ಪಾಸಾದವರ ಲೆಕ್ಕ. ಫೇಲಾದವನಿಗೆ ನೇರ ಪ್ರವೇಶವಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಡಿಪ್ಲೊಮಾದ ಮೊದಲ ಸೆಮಿಸ್ಟರಿಗೇ ಬರಬೇಕು. ದ್ವಿತೀಯ ಪಿಯುಸಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದರಿಂದ ಪೆಟ್ಟು ಸ್ವಲ್ಪ ಕಡಿಮೆ, ಇಲ್ಲವಾಗಿಲ್ಲ. ಡಿಪ್ಲೊಮಾದಲ್ಲಿ ಒಂದೆರಡು ವಿಷಯ ಬಾಕಿ ಉಳಿದರೂ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಅಲ್ಲಿ ಎಡವಿದವನು ನಡೆಯುತ್ತಲೇ ಎದ್ದುಕೊಳ್ಳುತ್ತಾನೆ. ಹತ್ತನೆಯಲ್ಲಿ ಗಣಿತ ಐವತ್ತರ ಆಸುಪಾಸಿನಲ್ಲಿದ್ದವನಿಗೆ ನಾನು ಪಿಯುಸಿ ವಿಜ್ಞಾನ ಹೇಳುವುದಿಲ್ಲ. ಸೇರಿಬಿಟ್ಟಿದ್ದರೆ ಪ್ರಥಮ ಪಿಯುಸಿಯ ಮಧ್ಯವಾರ್ಷಿಕ ಪರೀಕ್ಷೆಯನ್ನು ನೋಡಬೇಕು. ನಿಯತ್ತಾಗಿ ಓದಿಯೂ ಗಣಿತ, ಭೌತಶಾಸ್ತ್ರ ಎರಡರಲ್ಲೂ 35 ದಾಟದಿದ್ದರೆ, ಮುಂದಿನ ಜೂನ್‌ನಲ್ಲಿ ಪಾಲಿಟೆಕ್ನಿಕ್ ಸೇರಿ ಒಂದೇ ವರ್ಷ ಕಳೆದುಕೊಳ್ಳುವುದು ವಾಸಿ. ಟ್ಯೂಷನ್ನಿನ ಮೇಲೆ ಟ್ಯೂಷನ್ ಹಾಕಿ ದ್ವಿತೀಯ ಪಿಯುಸಿಯಲ್ಲಿ ಸಿಕ್ಕಿಹಾಕಿಕೊಂಡವರನ್ನು ಕಂಡಿದ್ದೇನೆ.

ಹಣದ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಡಿಪ್ಲೊಮಾ ಮೂರನೇ ವರ್ಷಕ್ಕೆ ಕೈಯಲ್ಲೊಂದು ಅರ್ಹತೆ ಇಡುತ್ತದೆ. ಕಿರಿಯ ಎಂಜಿನಿಯರ್ ಹುದ್ದೆಗಳಿಗೆ ಅದು ಸಾಕು. ದ್ವಿತೀಯ ಪಿಯುಸಿ ಅಂಕಪಟ್ಟಿಗೆ ಆ ಬೆಲೆ ಇಲ್ಲ, ಮುಂದೆ ಓದಲೇಬೇಕು. ಮೂರು ವರ್ಷದ ನಂತರ ಮನೆಗೆ ಸಂಬಳ ಬೇಕಾದೀತು ಎನ್ನುವ ಸ್ಥಿತಿ ಇದ್ದರೆ ಮೇಲಿನ ಲೆಕ್ಕವೆಲ್ಲ ಪಕ್ಕಕ್ಕೆ.

ಅಕ್ಕನ ಮನೆಯಲ್ಲಿ ಆ ಸ್ಥಿತಿ ಇಲ್ಲ. ಹುಡುಗನ ಗಣಿತ 74. ಭಾನುವಾರ ಹೋಗಿ ಕೂತು, ‘ಎಂಜಿನಿಯರಿಂಗ್ ಅಲ್ಲದಿದ್ದರೆ ಏನು?’ ಎಂದು ಕೇಳಿದೆ. ಇದನ್ನು ಯಾರೂ ಅವನಿಗೆ ಕೇಳಿರಲಿಲ್ಲ. ‘ಅಗ್ರಿಕಲ್ಚರ್’ ಎಂದ, ತಲೆ ಎತ್ತದೆ. ‘ಕಂಪ್ಯೂಟರೋ ಮೆಕ್ಯಾನಿಕಲ್ಲೋ’ ಎಂದಿದ್ದರೆ ಅದು ಎಂಜಿನಿಯರಿಂಗಿನ ಒಳಗಿನ ಅನುಮಾನ. ಅಂಥವನನ್ನು ನಾನು ಪಾಲಿಟೆಕ್ನಿಕ್ಕಿಗೇ ಕರೆದುಕೊಂಡು ಹೋಗುತ್ತಿದ್ದೆ, ವರ್ಕ್‌ಶಾಪ್ ತೋರಿಸುವುದಕ್ಕಾದರೂ. ಇವನದು ಹೊರಗಿನ ಅನುಮಾನ. ಜೀವಶಾಸ್ತ್ರದ ಬಾಗಿಲು ಈಗ ಮುಚ್ಚಬಾರದು. ಪಿಸಿಎಂಬಿ ಎಂದು ತೀರ್ಮಾನವಾಯಿತು.

‘ಎರಡು ವರ್ಷ ಆದಮೇಲೂ ಗೊತ್ತಿಲ್ಲ ಅಂದರೆ ಏನು ಮಾಡುವುದೋ?’ ಎಂದಳು ಅಕ್ಕ. ಆಗ ನನ್ನ ದಾರಿ ಇದೆಯಲ್ಲ ಎಂದೆ. ಒಂದನ್ನು ಮಾತ್ರ ಬರೆದಿಟ್ಟುಕೊಳ್ಳಲು ಹೇಳಿದ್ದೇನೆ: ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅರ್ಜಿ ಸಿಇಟಿ ಕೌನ್ಸೆಲಿಂಗಿಗಿಂತ ಬೇರೆ. ಅದನ್ನು ಕರೆಯುವುದು ತಾಂತ್ರಿಕ ಶಿಕ್ಷಣ ಇಲಾಖೆ. ರ್‍ಯಾಂಕ್ ಕಾಯುತ್ತ ಕೂತರೆ ಅದರ ಕೊನೆಯ ದಿನ ಯಾವಾಗ ಕಳೆಯಿತೆಂದೇ ತಿಳಿಯುವುದಿಲ್ಲ. 2012ರಲ್ಲಿ ನಾನು ಅರ್ಜಿ ಕೊಟ್ಟದ್ದು ಕೊನೆಯ ದಿನದ ಮಧ್ಯಾಹ್ನ, ಅದೂ ಪಾಲಿಟೆಕ್ನಿಕ್ಕಿನ ಮುಂದೆ ಬಸ್ ಕೆಟ್ಟು ನಿಂತು, ಸೂಚನಾ ಫಲಕ ಕಣ್ಣಿಗೆ ಬಿದ್ದದ್ದರಿಂದ.