"ಗೂಗಲ್‌ನಲ್ಲಿ ನಿಮ್ಮ ಅಂಗಡಿನ ಮೊದಲನೇ ಸ್ಥಾನಕ್ಕೆ ತರ್ತೀವಿ" ಅಂತ ಫೋನ್ ಬಂದ್ರೆ ಇದನ್ನ ಓದಿ

ಮೂರು ತಿಂಗಳಲ್ಲಿ 21,000 ರೂಪಾಯಿ ಕಳ್ಕೊಂಡಿದ್ದೀನಿ. ದುಡ್ಡು ಹೋಗಿದ್ದಕ್ಕಿಂತ ನಾಚಿಕೆ ಜಾಸ್ತಿ. ಹದಿನೆಂಟು ವರ್ಷದಿಂದ ಮೈಸೂರಿನ ಕುವೆಂಪುನಗರದಲ್ಲಿ ವಾಷಿಂಗ್ ಮೆಷಿನ್, ಫ್ರಿಜ್ ರಿಪೇರಿ ಮಾಡ್ತಿದ್ದೀನಿ. ಬೇರೆಯವರು ಒಳ್ಳೇ ಪಿಸಿಬಿ ಬೋರ್ಡನ್ನ ಕೆಟ್ಟಿದೆ ಅಂತ ಬದಲಾಯಿಸಿ ದುಡ್ಡು ಕಿತ್ಕೊಂಡಿದ್ರೆ ಬಾಗಿಲು ತೆಗೆದ ತಕ್ಷಣ ಕಂಡುಹಿಡೀತೀನಿ. ಅಂಥವನು ನಾನು, ನನ್ನದೇ ಅಂಗಡಿ ಕೌಂಟರ್‌ನಲ್ಲಿ ಕೂತು ಹೀಗೆ ಏಮಾರಿದೆ.

ಆ ಕಂಪನಿ ಹೆಸರು ಇಲ್ಲಿ ಹಾಕಲ್ಲ. ಹಾಕಿದ್ರೂ ನಾಳೆ ಬೇರೆ ಹೆಸರಲ್ಲಿ ಬರ್ತಾರೆ.

ಮಾರ್ಚ್‌ನಲ್ಲಿ ಫೋನ್ ಬಂತು. "ಸರ್, ನಾವು ಗೂಗಲ್ ಟೀಮಿನಿಂದ" ಅಂದ. ಮಾರನೇ ದಿನ ಅಂಗಡಿಗೇ ಬಂದ. ಇಸ್ತ್ರಿ ಷರಟು, ಕುತ್ತಿಗೆಗೆ ಟ್ಯಾಗು, ಕೈಯಲ್ಲಿ ಟ್ಯಾಬು. ಕಾಫಿ ತರಿಸಿ ಕೊಟ್ಟೆ, ಅದೊಂದು ಬೇರೆ. ಕೂತ್ಕೊಂಡು ನನ್ನ ಫೋನನ್ನೇ ಇಸ್ಕೊಂಡು washing machine repair near me ಅಂತ ಟೈಪ್ ಮಾಡಿದ. ಮ್ಯಾಪ್‌ನಲ್ಲಿ ನಮ್ಮ ಅಂಗಡಿನೇ ಮೊದಲು ಬಂತು. "ನೋಡಿ ಸರ್, ನಿಮ್ಮ ಲಿಸ್ಟಿಂಗಿಗೆ ಎಷ್ಟು ಶಕ್ತಿ ಇದೆ. ಇದನ್ನ ಇಡೀ ಮೈಸೂರಿಗೆ ಮಾಡಿಕೊಡ್ತೀವಿ, ಆರು ತಿಂಗಳು ಗ್ಯಾರಂಟಿ" ಅಂದ. ಲಿಸ್ಟಿಂಗ್ ಅಂದ್ರೆ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು, ರಿವ್ಯೂ ಎಲ್ಲ ಕಾಣೋ ಪುಟ. ನನಗೆ ಎದೆ ಉಬ್ಬಿಹೋಯ್ತು. 12,000 ಮುಂಗಡ, ತಿಂಗಳಿಗೆ 3,000.

ಈಗ ಯೋಚನೆ ಮಾಡಿದ್ರೆ ಹಣೆ ಚಚ್ಕೋಬೇಕು ಅನ್ಸುತ್ತೆ. ಅಂಗಡಿ ಒಳಗೆ ಕೂತು ಹುಡುಕಿದ್ರೆ ಅಂಗಡಿ ಬರದೆ ಇನ್ನೇನು ಬರುತ್ತೆ? ಇಂಥ ಹುಡುಕಾಟದಲ್ಲಿ ಗೂಗಲ್ ನೋಡೋದು ಮುಖ್ಯವಾಗಿ ಮೂರು: ಕೇಳಿದ ಕೆಲಸಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ ಇದೆ, ಹುಡುಕುವವರಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಮಧ್ಯದ್ದನ್ನ ಯಾವನೂ ಬದಲಾಯಿಸೋಕೆ ಆಗಲ್ಲ, ಅಂಗಡಿನೇ ಎತ್ಕೊಂಡು ಹೋಗ್ಬೇಕು ಅಷ್ಟೆ. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕೆ ಆಗಲ್ಲ ಅಂತ ಗೂಗಲ್‌ನವರೇ ಬರೆದಿಟ್ಟಿದ್ದಾರೆ. ಲಿಸ್ಟಿಂಗ್ ಪೂರ್ತಿ ಬಿಟ್ಟಿ. ಇದೆಲ್ಲ ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ.

ಮೊದಲು ಲಿಸ್ಟಿಂಗ್ ವಿಷಯ, ಹೊಟ್ಟೆ ಉರಿಯೋದು ಅದಕ್ಕೇ. 2019ರಲ್ಲಿ ನಾನೇ ಮಾಡಿದ್ದು. ಗೂಗಲ್‌ನಿಂದ ಅಂಚೆಯಲ್ಲಿ ಕಾರ್ಡ್ ಬಂದಿತ್ತು, ಅದರ ನಂಬರ್ ಹಾಕಿ ವೆರಿಫೈ ಮಾಡ್ಕೊಂಡಿದ್ದೆ. 63 ರಿವ್ಯೂ, ಒಂದೊಂದೂ ನಾನು ಮನೆಗೆ ಹೋಗಿ ಬೆವರು ಸುರಿಸಿದ್ದಕ್ಕೆ ಬಂದಿದ್ದು. ಅವನು "ಸರ್, ಕೆಲಸ ಮಾಡೋಕೆ ಜಿಮೇಲ್ ಪಾಸ್‌ವರ್ಡ್ ಬೇಕು" ಅಂದ. ವಾಟ್ಸಾಪ್‌ನಲ್ಲಿ ಕಳಿಸಿದೆ. ಹೌದು, ಕಳಿಸಿದೆ, ಬೈಯೋರು ಬೈಯಿರಿ. ಒಂದು ವಾರ ಬಿಟ್ಟು ಮತ್ತೆ ಫೋನ್: "ಸರ್, ಒಂದು ಒಟಿಪಿ ಬರುತ್ತೆ, ಸ್ವಲ್ಪ ಹೇಳ್ಬಿಡಿ, ಸರ್ವರ್ ಅಪ್‌ಡೇಟು." ಹೇಳಿದೆ. ಯಾವ ಸರ್ವರ್, ಯಾವ ಅಪ್‌ಡೇಟು! ಲಿಸ್ಟಿಂಗಿಗೆ ಹೊಸದಾಗಿ ಸೇರಿಸಿದವರನ್ನ ಮೊದಲ 7 ದಿನ ಮುಖ್ಯ ಮಾಲೀಕ ಮಾಡೋಕೆ ಗೂಗಲ್ ಬಿಡಲ್ಲ. ಅವನು ತನ್ನನ್ನ ಸೇರಿಸ್ಕೊಂಡು, ವಾರ ಕಾದು, ಎಂಟನೇ ದಿನ ನನ್ನ ಕೈಯಿಂದಲೇ ಬೀಗದ ಕೈ ಇಸ್ಕೊಂಡಿದ್ದ. ಆಮೇಲೆ ನೋಡಿದಾಗ Primary owner ಅಂತ ಅವರ ಮೇಲ್ ಐಡಿ, ನನ್ನ ಹೆಸರಿನ ಮುಂದೆ Manager. ನನ್ನ ಅಂಗಡಿಗೆ ನಾನು ಮ್ಯಾನೇಜರ್!

ಮೊದಲ ಎರಡು ವಾರ ಫೋನ್ ಜಾಸ್ತಿ ಬಂತು, ಸುಳ್ಳು ಹೇಳಲ್ಲ. ಖುಷಿಪಟ್ಟೆ, ಇನ್ನಿಬ್ಬರಿಗೆ ಅವನ ನಂಬರ್ ಕೂಡ ಕೊಟ್ಟೆ (ಅವರಿಬ್ಬರ ಹತ್ರ ಕ್ಷಮೆ ಕೇಳಿದ್ದೀನಿ). ಫೋನ್ ಯಾಕೆ ಬಂತು ಅಂದ್ರೆ, ಲಿಸ್ಟಿಂಗ್‌ನಲ್ಲಿ ಅಂಗಡಿ ಹೆಸರನ್ನೇ ಬದಲಾಯಿಸಿ, ಹೆಸರಿನ ಹಿಂದೆ ವಾಷಿಂಗ್ ಮೆಷಿನ್ ರಿಪೇರಿ, ಫ್ರಿಜ್ ರಿಪೇರಿ, ಎಸಿ, ಗೀಸರ್ ಸರ್ವೀಸ್ ಮೈಸೂರು ಅಂತ ಉದ್ದಕ್ಕೆ ರೈಲು ಕಟ್ಟಿದ್ದ. ಹೀಗೆ ಮಾಡಿದ್ರೆ ಸ್ವಲ್ಪ ದಿನ ಮೇಲೆ ಬರುತ್ತೆ, ಅದು ನಿಜ. ಆದ್ರೆ ನಿಯಮ ಏನಂದ್ರೆ ಬೋರ್ಡ್ ಮೇಲೆ ಏನಿದೆಯೋ ಅದೇ ಹೆಸರು ಇರಬೇಕು. ಮಾಡೋ ಕೆಲಸ ಹಾಕೋಕೆ ಕ್ಯಾಟಗರಿ, ಸರ್ವೀಸ್ ಅಂತ ಬೇರೆ ಜಾಗ ಇದೆ. ಇನ್ನು ಗೀಸರ್ ನಾನು ಮುಟ್ಟೋದೇ ಇಲ್ಲ! ದಿನಕ್ಕೆ ಮೂರು ಜನ ಗೀಸರ್‌ಗೆ ಫೋನ್ ಮಾಡಿ, ಇಲ್ಲ ಅಂದ್ರೆ ನನಗೇ ಬೈದು ಇಡ್ತಿದ್ರು. ಅವನಿಗೆ ಹೇಳಿದ್ರೆ, "ಟ್ರಾಫಿಕ್ ಬರ್ತಿದೆ ಅಲ್ವಾ ಸರ್" ಅಂದ.

ಜೂನ್ ಮೊದಲ ವಾರ ಲಿಸ್ಟಿಂಗ್ ಸಸ್ಪೆಂಡ್. ಮಳೆ ಶುರುವಾಗಿ ಬಟ್ಟೆ ಒಣಗದೆ ಜನ ಡ್ರೈಯರ್‌ಗೆ ಒದ್ದಾಡೋ ಕಾಲ, ನಮಗೆ ಅದೇ ಸುಗ್ಗಿ. ಅಂಥ ಹೊತ್ತಲ್ಲಿ ಮ್ಯಾಪ್‌ನಿಂದ ಅಂಗಡಿ ಮಾಯ, 63 ರಿವ್ಯೂನೂ ಮಾಯ.

ಫೋನ್ ಮಾಡಿದೆ. ಅವನ ಉತ್ತರಗಳನ್ನ ಹಾಗ್‌ಹಾಗೇ ಹಾಕ್ತೀನಿ, ನಿಮಗೂ ಇದೇ ಸಿಗುತ್ತೆ.

ಮೊದಲ ದಿನ: "ಸರ್, ಅಲ್ಗಾರಿದಮ್ ಬದಲಾಗಿದೆ, ಎಲ್ಲರಿಗೂ ಹೀಗೇ ಆಗಿದೆ." ನಮ್ಮ ರಸ್ತೆ ಕೊನೆಯ ಮಿಕ್ಸಿ ರಿಪೇರಿ ಅಂಗಡಿ ಹಾಗೇ ಕಾಣಿಸ್ತಿತ್ತು.

ಮೂರನೇ ದಿನ: "ಸರ್, 90 ದಿನ ಕಾಯ್ಬೇಕು."

ಐದನೇ ದಿನ: "ಆದ್ರೂ ನೀವು ಮೊದಲನೇ ಸ್ಥಾನದಲ್ಲೇ ಇದ್ದೀರಲ್ಲ ಸರ್" ಅಂತ ಒಂದು ಸ್ಕ್ರೀನ್‌ಶಾಟ್. ನೋಡಿದ್ರೆ ಹುಡುಕಿದ್ದು ನಮ್ಮ ಅಂಗಡಿ ಹೆಸರನ್ನೇ! ನನ್ನ ಹೆಸರು ಕೂಗಿದ್ರೆ ನಾನಲ್ಲದೆ ಪಕ್ಕದ ಮನೆಯವರು ಬರ್ತಾರಾ?

ಕೊನೆಗೆ ಮಾಲೀಕತ್ವ ವಾಪಸ್ ಕೊಡಪ್ಪ ಅಂದ್ರೆ, "ಈ ತಿಂಗಳ ಬ್ಯಾಲೆನ್ಸ್ ಕ್ಲಿಯರ್ ಮಾಡಿ ಸರ್, ಟ್ರಾನ್ಸ್‌ಫರ್ ಮಾಡ್ತೀವಿ." ಆ ಕೊನೆಯ 3,000 ಕೂಡ ಕೊಟ್ಟೆ. ನನ್ನದನ್ನ ನಾನೇ ಬಿಡಿಸ್ಕೊಂಡೆ, ಗಿರವಿ ಇಟ್ಟ ಒಡವೆ ಥರ.

ಇನ್ನು ವೆಬ್‌ಸೈಟ್ ಕಥೆ. ನಮ್ಮ ಅಂಗಡಿ ಸೈಟಿಗೂ ಅವನೇ ಕೈ ಹಾಕಿದ್ದ. ಅಕ್ಕನ ಮಗಳು ಕಾಲೇಜ್ ಮುಗಿಸಿ ಬಂದಿದ್ಲು, "ಮಾವ, ಒಮ್ಮೆ ನೋಡ್ತೀನಿ" ಅಂತ ಕೂತಳು. ಕಂಪ್ಯೂಟರ್‌ನಲ್ಲಿ ಸೈಟ್ ತೆಗೆದು Ctrl+U ಒತ್ತಿದ್ಲು, ಒಳಗಿನ ಕೋಡ್ ಕಾಣುತ್ತೆ. ನಮ್ಮ ಸೈಟ್‌ನಲ್ಲಿ ಏಳು ಪುಟ. ಏಳರಲ್ಲೂ ಇದೇ ಶೀರ್ಷಿಕೆ:

```html
<title>Best Washing Machine Repair Mysore | No.1 Fridge Repair Mysore | AC Repair Near Me | Cheap Geyser Service Mysore</title>
```

ಗೂಗಲ್‌ನಲ್ಲಿ ನೀಲಿ ಅಕ್ಷರದಲ್ಲಿ ಕಾಣೋ ಸಾಲು ಸಾಮಾನ್ಯವಾಗಿ ಇದರಿಂದಲೇ ಬರೋದು. ಜಾಸ್ತಿ ಉದ್ದ ಆದ್ರೆ ಅರ್ಧಕ್ಕೆ ಕತ್ತರಿಸುತ್ತೆ, ಸರಿ ಇಲ್ಲ ಅನ್ಸಿದ್ರೆ ಗೂಗಲ್ ತಾನೇ ಬೇರೆ ಬರ್ಕೊಳ್ಳುತ್ತೆ. ಏಳು ಪುಟಕ್ಕೂ ಒಂದೇ ಹೆಸರಿಟ್ಟರೆ ಫ್ರಿಜ್ ಪುಟ ಯಾವುದು, ವಾಷಿಂಗ್ ಮೆಷಿನ್ ಪುಟ ಯಾವುದು ಅಂತ ಅದಕ್ಕೆ ಹೇಗೆ ತಿಳಿಯಬೇಕು? ಏಳು ಮಕ್ಕಳಿಗೂ ಒಂದೇ ಹೆಸರಿಟ್ಟ ಹಾಗೆ.

ಅವನು ಬರೋ ಮುಂಚೆ ಶೀರ್ಷಿಕೆಯಲ್ಲಿ Home ಅಂತ ಮಾತ್ರ ಇತ್ತು, ದೊಡ್ಡ ಹೆಡಿಂಗ್‌ನಲ್ಲಿ ವೆಲ್‌ಕಮ್ ಅಂತ. ಅದೂ ತಪ್ಪೇ, ಒಪ್ಕೋತೀನಿ, ವೆಲ್‌ಕಮ್ ಅಂತ ಯಾರು ಹುಡುಕ್ತಾರೆ? ಆದ್ರೆ ಆ ತಪ್ಪು ಸರಿಮಾಡೋಕೆ ಅವಳಿಗೆ ಹಿಡಿದಿದ್ದು ಒಂದು ಸಂಜೆ. ವಾಷಿಂಗ್ ಮೆಷಿನ್ ಪುಟಕ್ಕೆ ಹೀಗೆ ಹಾಕಿದ್ಲು:

```html
<title>Washing Machine Repair in Kuvempunagar, Mysuru | ಅಂಗಡಿ ಹೆಸರು</title>
<h1>Washing Machine Repair in Mysuru</h1>
<h2>Front load</h2>
<h2>Top load</h2>
<h2>Visiting charge</h2>
```

ಮಾಡೋ ಕೆಲಸ, ಊರು, ಅಂಗಡಿ ಹೆಸರು, ಮುಗೀತು. ಫ್ರಿಜ್ ಪುಟಕ್ಕೆ ಫ್ರಿಜ್‌ದು. ಕೆಳಗಿನ ಚಿಕ್ಕ ಹೆಡಿಂಗ್‌ಗಳು ಗಿರಾಕಿ ಫೋನಲ್ಲಿ ಮೊದಲು ಕೇಳೋ ಪ್ರಶ್ನೆಗಳೇ. ಅವನು ಅಕ್ಷರ ದಪ್ಪ ಕಾಣ್ಲಿ ಅಂತ ಪುಟದ ಸಾಲುಸಾಲಿಗೂ ದೊಡ್ಡ ಹೆಡಿಂಗಿನ `h1` ಹಾಕಿಟ್ಟಿದ್ದ. ಎಲ್ಲವೂ ಹೆಡಿಂಗ್ ಆದ್ರೆ ಯಾವುದೂ ಹೆಡಿಂಗ್ ಅಲ್ಲ.

ಆಮೇಲೆ ಅವಳು Ctrl+A ಒತ್ತಿದ್ಲು. ಖಾಲಿ ಬಿಳಿ ಜಾಗ ಅಂದ್ಕೊಂಡಿದ್ದ ಕಡೆ ಸಾಲುಸಾಲಾಗಿ ಅಕ್ಷರ ಎದ್ದು ಕಾಣ್ತು! ಬಿಳಿ ಮೇಲೆ ಬಿಳಿ ಬಣ್ಣದಲ್ಲಿ ಮೈಸೂರಿನ ಎಲ್ಲ ಬಡಾವಣೆ ಹೆಸರು, ಬೋಗಾದಿ, ವಿಜಯನಗರ, ಜೆ.ಪಿ. ನಗರ, ಮತ್ತೆ ಮತ್ತೆ. ಇದು ಗೂಗಲ್ ನಿಯಮದಲ್ಲಿ ನೇರ ಮೋಸ. ಅದರ ಮಧ್ಯೆ ಒಂದು ಸಾಲು, "ಹಾಸನದಲ್ಲಿ ಅತ್ಯುತ್ತಮ ವಾಟರ್ ಪ್ಯೂರಿಫೈಯರ್ ಸರ್ವೀಸ್". ಇನ್ಯಾವುದೋ ಗಿರಾಕಿಗೆ ಮಾಡಿದ್ದನ್ನ ಕಾಪಿ ಹೊಡೆದು ಅಂಟಿಸುವಾಗ ಊರು ಬದಲಾಯಿಸೋಕೂ ಪುರುಸೊತ್ತಿಲ್ಲ. ಹಾಸನದ ಆ ಅಣ್ಣನೂ ನನ್ನ ಥರಾನೇ ಕೂತಿರಬೇಕು ಪಾಪ. ನನಗೆ ನಿಜವಾಗಿ ಏಮಾರಿದೆ ಅಂತ ಅನ್ಸಿದ್ದು ಆ ಗಳಿಗೆ. ದುಡ್ಡು ಕೊಟ್ಟಾಗಲ್ಲ, ಸಸ್ಪೆಂಡ್ ಆದಾಗಲೂ ಅಲ್ಲ. 21,000 ರೂಪಾಯಿಗೆ ನನ್ನ ಊರಿನ ಹೆಸರು ಕೂಡ ಸರಿಯಾಗಿ ಹಾಕಿಲ್ಲ.

ಲಿಸ್ಟಿಂಗ್ ವಾಪಸ್ ಬಂದಿದ್ದು ಹೀಗೆ. ಮುಖ್ಯ ಮಾಲೀಕತ್ವ ಬಂದ ಮೇಲೆ ಮೊದಲು ಪಾಸ್‌ವರ್ಡ್ ಬದಲಾಯಿಸಿ, ಅವರ ಮೇಲ್ ಐಡಿ ತೆಗೆದು, ಹೆಸರನ್ನ ಬೋರ್ಡ್‌ನಲ್ಲಿರೋ ಹಾಗೆ ಮಾಡಿದ್ವಿ. ಆಮೇಲೆ ಅಪೀಲು. ಸಾಕ್ಷಿ ಸೇರಿಸೋ ಫಾರಂ ತೆರೆದರೆ 60 ನಿಮಿಷದೊಳಗೆ ಮುಗಿಸ್ಬೇಕು, ಅದಕ್ಕೆ ಪಾಲಿಕೆ ಟ್ರೇಡ್ ಲೈಸೆನ್ಸ್, ಅಂಗಡಿ ಹೆಸರಿನ ಕರೆಂಟ್ ಬಿಲ್, ಉದ್ಯಮ್ ಸರ್ಟಿಫಿಕೇಟ್, ಬೋರ್ಡ್ ಕಾಣೋ ಫೋಟೋ ಎಲ್ಲ ಮೊದಲೇ ಫೋನಲ್ಲಿ ತೆಗೆದಿಟ್ಕೊಂಡಿದ್ವಿ. ಎಲ್ಲದರಲ್ಲೂ ಹೆಸರು, ವಿಳಾಸ ಒಂದೇ ಥರ ಇರಬೇಕು. ನಮ್ಮ ಕರೆಂಟ್ ಬಿಲ್ ಇನ್ನೂ ಕಟ್ಟಡದ ಹಳೇ ಮಾಲೀಕರ ಹೆಸರಲ್ಲಿ ಇದ್ದಿದ್ರೆ ಕೆಲಸ ಕೆಡ್ತಿತ್ತು, ಹೋದ ವರ್ಷ ಬದಲಾಯಿಸಿದ್ದು ಪುಣ್ಯ. ಹನ್ನೊಂದು ದಿನಕ್ಕೆ ವಾಪಸ್ ಬಂತು. ರಿವ್ಯೂ ಕೂಡ ಬಂದ್ವು. ನಾನು ಅಂಗಡಿ ಬಾಗಿಲಲ್ಲಿ ನಿಂತು ಒಂದೊಂದಾಗಿ ಎಣಿಸಿದೆ.

ನೀವು ಮಾಡ್ಬೇಕಾಗಿದ್ದು ಇಷ್ಟೇ. ಪಾಸ್‌ವರ್ಡ್ ಯಾರಿಗೂ ಕೊಡ್ಬೇಡಿ, ಲಿಸ್ಟಿಂಗ್ ಕೆಲಸ ಮಾಡೋರನ್ನ ಬರೀ Manager ಅಂತ ಸೇರಿಸಿ, ಒಟಿಪಿ ಕೇಳಿದ ಕೂಡಲೇ ಫೋನ್ ಇಡಿ. ಈಗಾಗಲೇ ಲಿಸ್ಟಿಂಗ್ ಅವರ ಕೈಗೆ ಹೋಗಿದ್ರೆ ನನ್ನ ಥರ ದುಡ್ಡು ಕೊಡ್ಬೇಡಿ. ಗೂಗಲ್‌ನಲ್ಲೇ ಮಾಲೀಕತ್ವ ಕೇಳೋ ದಾರಿ ಇದೆ, ಅವರಿಗೆ ಉತ್ತರಿಸೋಕೆ 3 ದಿನ ಸಮಯ, ಸುಮ್ಮನಿದ್ರೆ ನೀವೇ ವೆರಿಫೈ ಮಾಡಿ ಪಡ್ಕೊಳ್ಳೋ ಅವಕಾಶ ಸಿಗಬಹುದು. ಯಾರಾದ್ರೂ ಅಂಗಡಿಗೆ ಬಂದು ಹುಡುಕಿ ತೋರಿಸಿದ್ರೆ, "ನಡೀರಿ ಸಿದ್ಧಾರ್ಥನಗರಕ್ಕೆ, ಅಲ್ಲಿ ನಿಂತು ತೋರಿಸಿ" ಅನ್ನಿ. ಅವನ ಮುಖ ನೋಡೋಕೆ ನನಗೂ ಆಸೆ.

ಗೀಸರ್ ಅನ್ನೋ ಪದ ಎಲ್ಲ ಕಡೆಯಿಂದ ತೆಗೆದಾಗಿದೆ ಅಂದ್ಕೊಂಡಿದ್ವಿ. ಅವನು ಇನ್ನೂ ನಾಲ್ಕು ಡೈರೆಕ್ಟರಿ ಸೈಟ್‌ಗಳಲ್ಲಿ ಹಾಕಿಟ್ಟಿದ್ದಾನೆ ಅಂತ ಈಗ ಗೊತ್ತಾಗ್ತಿದೆ. ಇವತ್ತು ಬೆಳಿಗ್ಗೆ ಆರೂವರೆಗೆ ಒಬ್ಬರು ಫೋನ್ ಮಾಡಿ ನೀರು ಕಾಯ್ತಿಲ್ಲ, ಬೇಗ ಬನ್ನಿ ಅಂದ್ರು. ಮಾಡಲ್ಲ ಸ್ವಾಮಿ ಅಂದೆ. "ಮತ್ಯಾಕೆ ಹಾಕಿದ್ದೀರಾ?" ಅಂತ ಬೈದು ಇಟ್ಟರು.