ಮಗನ ವಯಸ್ಸು ನೋಡಿ ಬ್ಯಾಟ್ ತರಿಸಿದೆ, ನೀವು ಹಾಗೆ ಮಾಡಬೇಡಿ

ಬೇಸಿಗೆ ರಜೆ ಹತ್ತಿರ ಬರ್ತಿದೆ. ಮೈಸೂರಿನ ಎಲ್ಲ ಮೈದಾನಗಳಲ್ಲೂ ಕ್ರಿಕೆಟ್ ಕ್ಯಾಂಪ್ ಶುರುವಾಗುತ್ತವೆ. ಮಕ್ಕಳಿಗೆ ಕಿಟ್ ತರಿಸಲು ಈಗಾಗಲೇ ಫೋನ್ ಹಿಡಿದು ಕೂತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ನಾನು ಮಾಡಿದ ತಪ್ಪಿಗೆ ನಮ್ಮ ಮಗ ಎರಡು ತಿಂಗಳು ಕಷ್ಟಪಟ್ಟ. ದುಡ್ಡು ಹೋಗಿದ್ದಕ್ಕಿಂತ ಅದೇ ನನಗೆ ಹೆಚ್ಚು ಬೇಜಾರು.

ಆಗ ಅವನಿಗೆ 11 ವರ್ಷ. ಅಲ್ಲಿವರೆಗೂ ಕುವೆಂಪುನಗರದ ನಮ್ಮ ಬೀದಿಯಲ್ಲಿ ಟೆನಿಸ್ ಬಾಲ್ ಆಡಿಕೊಂಡಿದ್ದವನು. ಕ್ಯಾಂಪಿಗೆ ಸೇರಿಸಿದಾಗ ಲೆದರ್ ಬಾಲ್ ಬ್ಯಾಟ್, ಪ್ಯಾಡ್, ಗ್ಲೌಸ್, ಹೆಲ್ಮೆಟ್ ಎಲ್ಲ ಬೇಕು ಅಂದರು. ಆನ್‌ಲೈನ್‌ನಲ್ಲಿ ಎಲ್ಲ ಸೇರಿದ ಒಂದು ಕಿಟ್ ಸಿಕ್ಕಿತು. ಸೈಜ್ ಆರಿಸುವ ಜಾಗದಲ್ಲಿ 'ಸೈಜ್ 5, 10-12 ವರ್ಷ' ಅಂತ ಒಂದು, 'ಸೈಜ್ 6, 11-13 ವರ್ಷ' ಅಂತ ಇನ್ನೊಂದು ಇತ್ತು. 11 ಎರಡರಲ್ಲೂ ಇದೆ. ಬೆಳೆಯುವ ಹುಡುಗ, ಯೂನಿಫಾರ್ಮ್ ಕೂಡ ಒಂದು ಸೈಜ್ ದೊಡ್ಡದೇ ತರ್ತೀವಲ್ವಾ ಅಂದುಕೊಂಡು 6 ಒತ್ತಿದೆ.

ಎತ್ತರದ ಪಟ್ಟಿ ಇರಲಿಲ್ಲ ಅಂತಲ್ಲ. ಇತ್ತು. ಆರನೇ ಫೋಟೋದಲ್ಲಿ, ಸಣ್ಣ ಅಕ್ಷರದಲ್ಲಿ. ನಾನು ಅಲ್ಲಿವರೆಗೂ ಸರಿಸಿ ನೋಡಲೇ ಇಲ್ಲ.

ಆಮೇಲೆ ನೋಡಿದಾಗ ಗೊತ್ತಾಗಿದ್ದು ಇದು. ಆ ಪಟ್ಟಿಯಲ್ಲಿ ಸೈಜ್ 6 ಬ್ಯಾಟಿಗೆ ಬೇಕಾದ ಎತ್ತರ ಸುಮಾರು 157ರಿಂದ 163 ಸೆಂ.ಮೀ. ಅಂದರೆ 5 ಅಡಿ 2 ಇಂಚಿಗಿಂತ ಮೇಲೆ. ನಮ್ಮ ಮಗ ಆಗ ಇದ್ದದ್ದು 138 ಸೆಂ.ಮೀ, ನಾಲ್ಕೂವರೆ ಅಡಿ ಚಿಲ್ಲರೆ. ಅದೇ ಪಟ್ಟಿಯಲ್ಲಿ ಆ ಎತ್ತರಕ್ಕೆ ಬರೆದಿದ್ದದ್ದು ಸೈಜ್ 3! ಅದರ ಪಕ್ಕದಲ್ಲಿ ಇದ್ದ ವಯಸ್ಸು 8. ಒಂದೇ ಮಗು, ಒಂದೇ ಪಟ್ಟಿ. ವಯಸ್ಸಿನ ಸಾಲು ನೋಡಿದರೆ 6, ಎತ್ತರದ ಸಾಲು ನೋಡಿದರೆ 3.

ಮಗ ವಯಸ್ಸಿಗಿಂತ ತುಂಬ ಕುಳ್ಳಗಿದ್ದಾನಾ ಅಂತ ನನಗೆ ಗಾಬರಿಯೇ ಆಯಿತು. ಹಾಗೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ 11 ತುಂಬಿದ ಹುಡುಗರ ನಡುಮಟ್ಟದ ಎತ್ತರ ಸುಮಾರು 143 ಸೆಂ.ಮೀ. 13 ತುಂಬಿದಾಗ ಅದು ಸುಮಾರು 156. ಅಂದರೆ '11-13 ವರ್ಷ' ಅಂತ ಮಾರುವ ಸೈಜ್ 6 ಬ್ಯಾಟ್, ಅದೇ ಪಟ್ಟಿಯ ಎತ್ತರದ ಪ್ರಕಾರ 13 ದಾಟಿದ ಹುಡುಗನಿಗೆ ಸರಿಹೋಗುವಂಥದ್ದು. ತಪ್ಪು ಮಗುವಿನ ಮೈಕಟ್ಟಿನದ್ದಲ್ಲ. ವಯಸ್ಸಿನ ಸಾಲು ಎತ್ತರದ ಸಾಲಿಗಿಂತ ಎರಡು ಮೂರು ವರ್ಷ ಮುಂದೆ ಓಡುತ್ತಿದೆ. ನಾನು ಆಮೇಲೆ ಬೇರೆ ನಾಲ್ಕೈದು ಪಟ್ಟಿ ತೆಗೆದು ನೋಡಿದೆ. ಅಂಕಿ ಒಂದೆರಡು ಇಂಚು ಹೆಚ್ಚು ಕಡಿಮೆ ಇದ್ದವು, ಆದರೆ ಈ ಅಂತರ ಎಲ್ಲದರಲ್ಲೂ ಇತ್ತು.

ಇನ್ನು ಬ್ಯಾಟ್ ದೊಡ್ಡದಾದರೆ ಏನಾಗುತ್ತೆ ಅಂತ ಹೇಳ್ತೀನಿ. ಕ್ರಿಕೆಟ್ ಗೊತ್ತಿಲ್ಲದ ನನ್ನಂಥವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಸೈಜ್ 6 ಬ್ಯಾಟಿನ ಉದ್ದ ಸುಮಾರು 80 ಸೆಂ.ಮೀ. ನೆಲಕ್ಕೆ ಊರಿದರೆ ಹ್ಯಾಂಡಲ್ ತುದಿ ನಮ್ಮ ಮಗನ ಸೊಂಟ ದಾಟಿ ಹೊಟ್ಟೆಗೆ ಬರ್ತಿತ್ತು. ಮುಂದಕ್ಕೆ ಹೆಜ್ಜೆಯಿಟ್ಟು ಡಿಫೆನ್ಸ್ ಆಡಲು ಹೋದರೆ ಹ್ಯಾಂಡಲ್ ಹೊಟ್ಟೆಗೆ ತಾಗುತ್ತಿತ್ತು. ಅದು ತಪ್ಪಿಸಲು ಅವನು ಎರಡೂ ಕೈಯನ್ನು ಹ್ಯಾಂಡಲ್‌ನ ಕೆಳಗೆ, ಬ್ಲೇಡ್ ಹತ್ತಿರಕ್ಕೆ ಇಳಿಸಿಕೊಂಡ. ಹಾಗೆ ಹಿಡಿದಾಗ ಕೆಳಗಿನ ಕೈಯೇ ಎಲ್ಲ ಕೆಲಸ ಮಾಡುತ್ತೆ. ಬ್ಯಾಟ್ ನೇರವಾಗಿ ಇಳಿಯುವ ಬದಲು ಅಡ್ಡಡ್ಡ ಬರುತ್ತೆ. ನೇರಕ್ಕೆ ಬಂದ ಬಾಲನ್ನೂ ಲೆಗ್ ಸೈಡಿಗೆ ಎಳೆಯುತ್ತಿದ್ದ. ಭಾರವಿದ್ದುದರಿಂದ ಎತ್ತಿದ ಬ್ಯಾಟ್ ಕೆಳಗೆ ಬರುವಷ್ಟರಲ್ಲಿ ಬಾಲ್ ಹೋಗಿಬಿಡ್ತಿತ್ತು. ದಿನಾ ಬೌಲ್ಡ್. ಮೂರನೇ ವಾರಕ್ಕೆ ಮಣಿಕಟ್ಟು ನೋವು ಅಂತ ಶುರುವಾಯಿತು.

ನಾವು ಏನಂದುಕೊಂಡೆವು? ಲೆದರ್ ಬಾಲ್ ಹೊಸದು, ಅಭ್ಯಾಸ ಸಾಲದು ಅಂತ. ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡು ಅಂತ ಬೈದಿದ್ದೂ ಇದೆ. ಕ್ಯಾಂಪಿನಲ್ಲಿ ಅರವತ್ತು ಮಕ್ಕಳು, ಕೋಚ್ ಸರ್ ಒಬ್ಬೊಬ್ಬರನ್ನೇ ನೋಡುವಷ್ಟರಲ್ಲಿ ಎರಡು ತಿಂಗಳು ಆಗಿತ್ತು. ಒಂದು ದಿನ ನೆಟ್ಸ್ ಹಿಂದೆ ನಿಂತು ನೋಡಿದವರು ನನ್ನನ್ನು ಕರೆದರು. "ಮೇಡಂ, ಇವನ ಕೈ ಚೆನ್ನಾಗಿದೆ. ಬ್ಯಾಟ್ ಇವನದ್ದಲ್ಲ, ಇವನ ಅಣ್ಣನದ್ದು" ಅಂದರು. ಅವನಿಗೆ ಅಣ್ಣ ಇಲ್ಲ.

ಅವರು ಅಲ್ಲೇ ಎರಡು ಪರೀಕ್ಷೆ ಮಾಡಿ ತೋರಿಸಿದರು. ಶೂ ಹಾಕಿಸಿ ನೇರ ನಿಲ್ಲಿಸಿದರು. ಬ್ಯಾಟಿನ ಟೋ, ಅಂದರೆ ಕೆಳತುದಿ, ಕಾಲ ಪಕ್ಕ ನೆಲಕ್ಕೆ ತಾಗುವಂತೆ ಇಟ್ಟರು. ಹ್ಯಾಂಡಲ್ ತುದಿ ತೊಡೆ ಮುಗಿದು ಸೊಂಟದ ಮೂಳೆ ಸಿಗುವ ಜಾಗಕ್ಕೆ ಬರಬೇಕು, ಅದಕ್ಕಿಂತ ಮೇಲೆ ಹೋಗಬಾರದು. ಎರಡನೆಯದು ತೂಕದ್ದು. ಹ್ಯಾಂಡಲ್‌ನ ಮೇಲ್ಭಾಗ ಹಿಡಿಯುವ ಕೈ, ಅಂದರೆ ಬಲಗೈ ಬ್ಯಾಟಿಂಗ್ ಮಾಡುವವರಿಗೆ ಎಡಗೈ, ಅದೊಂದರಲ್ಲೇ ಬ್ಯಾಟ್ ಹಿಡಿದು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೂ ನಿಲ್ಲಬೇಕು. ಕೈ ನಡುಗಬಾರದು, ಬ್ಯಾಟಿನ ತುದಿ ಕೆಳಗೆ ಬಾಗಬಾರದು. ನಮ್ಮ ಮಗ ನಾಲ್ಕು ಎಣಿಸುವಷ್ಟರಲ್ಲಿ ಇಳಿಸಿಬಿಟ್ಟ.

ಮನೆಗೆ ಬಂದು ಅಡುಗೆಮನೆಯ ತೂಕದ ಯಂತ್ರದಲ್ಲಿ ಇಟ್ಟೆ. 1,130 ಗ್ರಾಂ. ಕಾಶ್ಮೀರ್ ವಿಲ್ಲೋ ಮರದ ಬ್ಯಾಟು. ಅದೇ ಅಳತೆಯ ಇಂಗ್ಲಿಷ್ ವಿಲ್ಲೋಗಿಂತ ಇದು ಸಾಮಾನ್ಯವಾಗಿ ಭಾರ ಇರುತ್ತೆ. ಅದು ಕೆಟ್ಟದ್ದೇನಲ್ಲ, ಕಲಿಯುವ ಮಕ್ಕಳಿಗೆ ಹೆಚ್ಚಿನವರು ಅದನ್ನೇ ಕೊಡಿಸುವುದು. ಆದರೆ ಕೊಳ್ಳುವ ಪುಟದಲ್ಲಿ ತೂಕದ ಮಾತೇ ಇರಲಿಲ್ಲ.

ವಾಪಸ್ ಕೊಡಲು ಹೋದೆ. ಆಗಲಿಲ್ಲ. ಹಿಂತಿರುಗಿಸುವ ಅವಧಿ ಯಾವತ್ತೋ ಮುಗಿದಿತ್ತು. ಅದಿರಲಿ, ಬ್ಯಾಟ್ ಬಂದ ಮಾರನೇ ದಿನವೇ ನಾವು ಅದಕ್ಕೆ ಅಗಸೆ ಎಣ್ಣೆ ಹಚ್ಚಿಸಿ, ಮರದ ಸುತ್ತಿಗೆಯಲ್ಲಿ ಬಡಿದು ನಾಕಿಂಗ್ ಮಾಡಿಸಿದ್ದೆವು. ಎಣ್ಣೆ ಬಿದ್ದ ಬ್ಯಾಟನ್ನು ಯಾರೂ ಹೊಸದು ಅಂತ ತಗೊಳ್ಳಲ್ಲ. ಸಹಾಯವಾಣಿಯವರು ಹೇಳಿದ್ದು ಒಂದೇ ಮಾತು: ನೀವು ಸೈಜ್ 6 ಕೇಳಿದಿರಿ, ಸೈಜ್ 6 ಬಂದಿದೆ, ವಯಸ್ಸೂ ಸರಿ ಇದೆ. ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಬ್ಯಾಟ್ ಬಂದ ದಿನವೇ, ಪ್ಲಾಸ್ಟಿಕ್ ಕವರ್ ತೆಗೆಯುವ ಮೊದಲೇ, ಮನೆಯೊಳಗೆ ಈ ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಕವರ್ ಅಡ್ಡ ಬರುವುದಿಲ್ಲ. ಆಮೇಲೆ ಎಣ್ಣೆ, ಆಮೇಲೆ ನಾಕಿಂಗ್.

ಹ್ಯಾಂಡಲ್ ಕತ್ತರಿಸಿ ಗಿಡ್ಡ ಮಾಡಬಹುದಾ ಅಂತ ಊರೊಳಗಿನ ಒಂದು ಹಳೇ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯರು ಬ್ಯಾಟ್ ಎತ್ತಿ ನೋಡಿದರು. "ಕತ್ತರಿಸಿ ಕೊಡ್ತೀನಮ್ಮಾ, ಉದ್ದ ಸರಿಹೋಗುತ್ತೆ. ಆದ್ರೆ ಬ್ಲೇಡ್ ಅದೇ ಇರುತ್ತಲ್ಲ, ಭಾರ ಎಲ್ಲ ಕೆಳಗೇ ಉಳಿಯುತ್ತೆ. ಮಗುಗೆ ಈಗಿಗಿಂತ ಇನ್ನೂ ಭಾರ ಅನ್ಸುತ್ತೆ" ಅಂದರು. ಕೆಲಸ ಸಿಗುತ್ತಿದ್ದರೂ ಬೇಡ ಅಂದರು ನೋಡಿ. ಆಮೇಲೆ ಸೈಜ್ 3 ಮತ್ತು 4ರಲ್ಲಿ ಏಳೆಂಟು ಬ್ಯಾಟ್ ತೆಗೆದು ಮಗನ ಕೈಗೆ ಕೊಟ್ಟರು. 3 ಸರಿಯಾಗಿಯೇ ಇತ್ತು. 4 ಒಂದು ಇಂಚು ಉದ್ದ, ಹ್ಯಾಂಡಲ್ ಸೊಂಟದ ಮೂಳೆಗೆ ಬಂತು. 4ರಲ್ಲೇ ಒಂದೊಂದು ಬ್ಯಾಟಿನ ತೂಕ ಒಂದೊಂದು ಥರ ಇತ್ತು. 960 ಗ್ರಾಂ ಇದ್ದ ಒಂದನ್ನು ಅವನು ಎಡಗೈಯಲ್ಲಿ ಹತ್ತು ಎಣಿಸುವವರೆಗೂ ಹಿಡಿದ. ಅದನ್ನೇ ತಗೊಂಡೆವು. ಈ ವಯಸ್ಸಲ್ಲಿ ವರ್ಷಕ್ಕೆ ಐದಾರು ಸೆಂ.ಮೀ ಬೆಳೀತಾರೆ, ಹಾಗಾಗಿ ಎರಡರ ನಡುವೆ ಬಂದಾಗ ದೊಡ್ಡದನ್ನು ಆರಿಸಬಹುದು, ಆದರೆ ತೂಕದ ಪರೀಕ್ಷೆ ಪಾಸಾದರೆ ಮಾತ್ರ. ಮೂರು ಸೈಜ್ ದೊಡ್ಡದಲ್ಲ.

ಕಿಟ್‌ನಲ್ಲಿ ಬಂದ ಉಳಿದ ಸಾಮಾನಿನ ಬಗ್ಗೆಯೂ ಹೇಳಬೇಕು. ಇವಕ್ಕೆ ಎತ್ತರವೂ ಸರಿಯಾದ ಅಳತೆಯಲ್ಲ. ಪ್ಯಾಡಿನಲ್ಲಿ ಮಂಡಿಗೆ ಅಂತ ಉಬ್ಬಿದ ಭಾಗ ಇರುತ್ತೆ, ಮಂಡಿಚಿಪ್ಪು ಅದರ ನಡುವೆ ಕೂರಬೇಕು. ನಮ್ಮ ಮಗನಿಗೆ ಅದು ತೊಡೆಯ ಮೇಲಿತ್ತು, ರನ್ ಓಡುವಾಗ ಎಡವುತ್ತಿದ್ದ. ಗ್ಲೌಸಿಗೆ ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೂ ಅಳೆಯಬೇಕು. ಬೆರಳ ತುದಿಯಲ್ಲಿ ಜಾಗ ಖಾಲಿ ಉಳಿದರೆ ಹಿಡಿತವೇ ಸಿಗುವುದಿಲ್ಲ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಹೆಲ್ಮೆಟ್. ಅದಕ್ಕೆ ಬೇಕಾದದ್ದು ಹುಬ್ಬಿನ ಸ್ವಲ್ಪ ಮೇಲೆ ಟೇಪ್ ಸುತ್ತಿ ತೆಗೆದ ತಲೆಯ ಸುತ್ತಳತೆ. ಅವನ ಹೆಲ್ಮೆಟ್ ತಲೆ ಅಲ್ಲಾಡಿಸಿದರೆ ತಾನೇ ಬೇರೆ ಕಡೆ ತಿರುಗುತ್ತಿತ್ತು. ಗ್ರಿಲ್ ಕಣ್ಣಿಗೆ ಅಡ್ಡ ಬರ್ತಿತ್ತು. ಅದನ್ನು ಹಾಕಿಕೊಂಡೇ ಅವನು ಎರಡು ತಿಂಗಳು ಲೆದರ್ ಬಾಲ್ ಎದುರಿಸಿದ್ದಾನೆ. ನಿಮ್ಮ ಮನೆಗೆ ಇಂಥ ಕಿಟ್ ಆಗಲೇ ಬಂದಿದ್ದರೆ ಮೊದಲು ಹೆಲ್ಮೆಟ್ ನೋಡಿ. ಬೆಲ್ಟ್ ಹಾಕಿ, ಜೋರಾಗಿ ತಲೆ ಅಲ್ಲಾಡಿಸಲು ಹೇಳಿ. ಸರಿದರೆ ಅವತ್ತೇ ಬದಲಾಯಿಸಿ, ಬ್ಯಾಟ್ ಆಮೇಲೆ ನೋಡಿಕೊಳ್ಳಿ.

ಆನ್‌ಲೈನ್‌ನಲ್ಲೇ ತರಿಸಬೇಕಾದರೆ, ಎಲ್ಲ ಸೇರಿದ ಕಿಟ್ ಬೇಡ, ಬಿಡಿಬಿಡಿಯಾಗಿ ತರಿಸಿ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ಸೆಂ.ಮೀ ಲೆಕ್ಕದಲ್ಲಿ ಅಳೆಯಿರಿ. ಕೆಲವು ಕಡೆ 4 ಅಡಿ 6 ಇಂಚನ್ನು '4.6' ಅಂತ ಬರೆದಿರ್ತಾರೆ, ನಾಲ್ಕೂವರೆ ಅಡಿ ಅಂದರೆ 4.5 ಅಂದುಕೊಂಡು ನೋಡಿದರೆ ಸಾಲು ತಪ್ಪುತ್ತೆ. ಮಾರುವವರಿಗೆ ಬ್ಯಾಟಿನ ತೂಕ ಎಷ್ಟು ಅಂತ ಬರೆದು ಕೇಳಿ. ಉತ್ತರ ಬರದಿದ್ದರೆ ಬಿಡಿ, ಬೇರೆ ಕಡೆ ನೋಡಿ.

ಹೊಸ ಬ್ಯಾಟ್ ಬಂದು ಒಂದು ತಿಂಗಳಿಗೆ ಮಗನ ಕೈ ಹ್ಯಾಂಡಲ್ ಮೇಲಕ್ಕೆ ವಾಪಸ್ ಹೋಯಿತು. ಮಣಿಕಟ್ಟಿನ ನೋವು ಅದಕ್ಕೂ ಮೊದಲೇ ಹೋಗಿತ್ತು. ಎಲ್ಲದನ್ನೂ ಲೆಗ್ ಸೈಡಿಗೆ ಎಳೆಯುವ ಚಾಳಿ ಬಿಡಿಸಲು ಕೋಚ್ ಸರ್ ಇನ್ನೂ ಒದ್ದಾಡುತ್ತಿದ್ದಾರೆ.

ಹಳೇ ಬ್ಯಾಟನ್ನು ಹೋದ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮಾರಾಟಕ್ಕೆ ಹಾಕಿದೆ. ಉದ್ದ 80 ಸೆಂ.ಮೀ, ತೂಕ 1,130 ಗ್ರಾಂ, ಆಡುವವರ ಎತ್ತರ 157 ಸೆಂ.ಮೀ ಮೇಲಿರಬೇಕು ಅಂತ ಬರೆದೆ. ಐದು ನಿಮಿಷದಲ್ಲಿ ಒಬ್ಬರು ಕೇಳಿದರು, ನಮ್ಮ ಹುಡುಗನಿಗೆ 12 ವರ್ಷ, ಆಗುತ್ತಾ ಮೇಡಂ ಅಂತ. ಮೊದಲು ಅವನ ಎತ್ತರ ಅಳೆದು ಹೇಳಿ ಸರ್ ಅಂದೆ. 144 ಬಂತು. ನಿಮಗೆ ಇದು ಬೇಡ ಸರ್ ಅಂತ ಹೇಳಿ, ಆ ಅಂಗಡಿಯ ದಾರಿ ಹೇಳಿಕೊಟ್ಟೆ.